ಹೆಚ್ಚು ಕೈಬದಲಾದದ್ದು ಯಾವ ಬೆಲೆಗೆ?

ಎಪಿಎಂಸಿ ದರಪಟ್ಟಿ ನೋಡುವ ಅನುಭವಿ ಅಡಿಕೆ ಬೆಳೆಗಾರ ಗರಿಷ್ಠ ಬೆಲೆ ಕಂಡು ಹಿಗ್ಗುವುದಿಲ್ಲ. ಆ ದರ ಸಿಕ್ಕಿದ್ದು ಒಂದೆರಡು ಚೀಲಕ್ಕೆ ಮಾತ್ರ ಇರಬಹುದು ಎಂಬುದು ಅವನಿಗೆ ಗೊತ್ತು. ಅವನ ಕಣ್ಣು ‘ಮಾದರಿ ಬೆಲೆ’ಯನ್ನು ಹುಡುಕುತ್ತದೆ. ಆ ದಿನ ಹೆಚ್ಚಿನ ಮಾಲು ಕೈಬದಲಾದ ದರ ಅದು.

ಬಿಟ್‌ಕಾಯಿನ್‌ನಂಥ ನಾಣ್ಯಗಳ ಪೇಟೆಯಲ್ಲಿ ಇದೇ ಕೆಲಸ ಮಾಡುವ ಸಾಧನ ವಾಲ್ಯೂಮ್ ಪ್ರೊಫೈಲ್. ಸಾಮಾನ್ಯ ಚಾರ್ಟ್‌ನ ಬುಡದಲ್ಲಿ ನಿಂತಿರುವ ಕಂಬಗಳು ಯಾವ ದಿನ ಎಷ್ಟು ವಹಿವಾಟಾಯಿತು ಎಂದು ಹೇಳುತ್ತವೆ. ಪ್ರೊಫೈಲ್ ಅದೇ ವಹಿವಾಟನ್ನು ದಿನಕ್ಕೆ ಬದಲಾಗಿ ಬೆಲೆಗೆ ತಕ್ಕಂತೆ ಗುಡ್ಡೆ ಹಾಕಿ, ಚಾರ್ಟ್‌ನ ಬದಿಯಲ್ಲಿ ಅಡ್ಡಪಟ್ಟಿಗಳಾಗಿ ತೋರಿಸುತ್ತದೆ. ಅತಿ ಉದ್ದದ ಪಟ್ಟಿಯೇ ಪಿಒಸಿ, ಅಂದರೆ ಈ ಪೇಟೆಯ ಮಾದರಿ ಬೆಲೆ. ಅದರ ಸುತ್ತ ಒಟ್ಟು ವಹಿವಾಟಿನ ಸುಮಾರು 70% ನಡೆದ ಭಾಗಕ್ಕೆ ವ್ಯಾಲ್ಯೂ ಏರಿಯಾ ಎನ್ನುತ್ತಾರೆ. ಈ ಯೋಚನೆಯ ಮೂಲ ಷಿಕಾಗೊದ ಧಾನ್ಯಪೇಟೆ. 1980ರ ದಶಕದಲ್ಲಿ ಷಿಕಾಗೊ ಬೋರ್ಡ್ ಆಫ್ ಟ್ರೇಡ್‌ನ ವ್ಯಾಪಾರಿ ಪೀಟರ್ ಸ್ಟೈಡಲ್‌ಮೇಯರ್ ಯಾವ ಬೆಲೆಯಲ್ಲಿ ಪೇಟೆ ಎಷ್ಟು ಹೊತ್ತು ನಿಂತಿತು ಎಂದು ಅರ್ಧ ಗಂಟೆಗೊಂದು ಅಕ್ಷರ ಬರೆದು ಲೆಕ್ಕ ಇಟ್ಟರು. ಹೊತ್ತಿನ ಜಾಗಕ್ಕೆ ವಹಿವಾಟಿನ ಪ್ರಮಾಣ ಬಂದಾಗ ಅದು ಇಂದಿನ ರೂಪ ಪಡೆಯಿತು.

ದಿಬ್ಬವೂ ತಗ್ಗೂ

ಪ್ರೊಫೈಲ್‌ನಲ್ಲಿ ನೋಡಬೇಕಾದದ್ದು ಎರಡೇ: ಪಟ್ಟಿಗಳು ಉದ್ದವಾಗಿರುವ ದಿಬ್ಬ, ಗಿಡ್ಡವಾಗಿರುವ ತಗ್ಗು. ದಿಬ್ಬವಿರುವ ಬೆಲೆಯನ್ನು ಕೊಳ್ಳುವವರೂ ಮಾರುವವರೂ ಬಹಳ ಕಾಲ ಒಪ್ಪಿದ್ದರು. ಎಷ್ಟೋ ಜನರ ಅಸಲು ಅಲ್ಲೇ ಇರುವುದರಿಂದ, ಬೆಲೆ ಮತ್ತೆ ಅತ್ತ ಬಂದಾಗ ಅಲ್ಲಿ ತಡೆದು ನಿಲ್ಲುವುದು ಸಾಮಾನ್ಯ. ತಗ್ಗಿನಲ್ಲಿ ವ್ಯಾಪಾರ ತೀರಾ ಕಡಿಮೆ ಆಗಿರುತ್ತದೆ. ಬೆಲೆ ಅಲ್ಲಿಂದ ಒಮ್ಮೆ ಓಡಿ ಹೋಗಿದೆ, ಮತ್ತೆ ಬಂದರೂ ಓಡುವ ಸಂಭವವೇ ಹೆಚ್ಚು.

2024ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ ಬಿಟ್‌ಕಾಯಿನ್ ಚಾರ್ಟ್ ಇದಕ್ಕೆ ಒಳ್ಳೆಯ ಪಾಠ. ಆ ಏಳೆಂಟು ತಿಂಗಳು ಬೆಲೆ ಹೆಚ್ಚಾಗಿ ಓಡಾಡಿದ್ದು 55 ಸಾವಿರದಿಂದ 72 ಸಾವಿರ ಡಾಲರ್ ನಡುವೆ. ಮಾರ್ಚ್‌ನಲ್ಲಿ ಮುಟ್ಟಿದ 73 ಸಾವಿರ ಚಿಲ್ಲರೆಯೇ ಅದರ ನೆತ್ತಿ. ಪ್ರೊಫೈಲ್ ಹಾಕಿದರೆ ಅಲ್ಲಿ ದೊಡ್ಡ ದಿಬ್ಬ ಏಳುತ್ತದೆ. ನವೆಂಬರ್ 5ರ ಅಮೆರಿಕ ಚುನಾವಣೆಯ ನಂತರ ಬೆಲೆ ಆ ನೆತ್ತಿ ದಾಟಿ ಒಂದು ವಾರದ ಆಸುಪಾಸಿನಲ್ಲೇ 90 ಸಾವಿರ ಮುಟ್ಟಿತು. ನಡುವೆ ಉಳಿದದ್ದು ತಗ್ಗು. ಮೇಲೆ, 90 ಸಾವಿರದಿಂದ ಒಂದು ಲಕ್ಷದ ಆಚೆಗೂ, ಚಳಿಗಾಲದಲ್ಲಿ ಎರಡನೆಯ ದಿಬ್ಬ ಬೆಳೆಯಿತು.

2025ರ ಫೆಬ್ರುವರಿ ಕೊನೆಯಲ್ಲಿ ಬೆಲೆ 90 ಸಾವಿರದಿಂದ ಕೆಳಗಿಳಿದಾಗ ನಾಲ್ಕೇ ದಿನದಲ್ಲಿ 80 ಸಾವಿರವೂ ಹೋಯಿತು. ಹತ್ತಿದ ಹಾಗೆಯೇ ಇಳಿಯಿತು. ಏಪ್ರಿಲ್ 7ರಂದು, ಸುಂಕದ ಗದ್ದಲದ ನಡುವೆ, 75 ಸಾವಿರಕ್ಕಿಂತ ಸ್ವಲ್ಪ ಕೆಳಗೆ, ಹಳೆಯ ದಿಬ್ಬದ ಅಂಚಿನ ಹತ್ತಿರ ನಿಂತು ತಿರುಗಿತು. ತಿಂಗಳು ಮುಗಿಯುವುದರೊಳಗೆ 90 ಸಾವಿರ ದಾಟಿತ್ತು.

ಎಂಟ್ರಿಯ ಲೆಕ್ಕ

ಈಗ ಹಿಂತಿರುಗಿ ನೋಡಿ ಲೆಕ್ಕ ಹಾಕುವುದು ಸುಲಭ, ನಿಜ. ಆದರೂ ಮಾರ್ಚ್ ತಿಂಗಳಲ್ಲಿ ಕೂತು ಯೋಜನೆ ಮಾಡುವವನ ಮುಂದೆ ಈ ದಿಬ್ಬ ಮತ್ತು ತಗ್ಗು ಎರಡೂ ಇದ್ದವು. ಅವನ ಬಳಿ ಒಂದು ಲಕ್ಷ ರೂಪಾಯಿ ಇದೆ, ಒಂದು ವ್ಯವಹಾರದಲ್ಲಿ ಎರಡು ಸಾವಿರಕ್ಕಿಂತ ಹೆಚ್ಚು ಕಳೆದುಕೊಳ್ಳಲು ಮನಸ್ಸಿಲ್ಲ ಎಂದುಕೊಳ್ಳೋಣ. ಕೊಳ್ಳುವುದು ಅಂಚಿನಲ್ಲಿ, 75 ಸಾವಿರಕ್ಕೆ. ಸ್ಟಾಪ್‌ಲಾಸ್ 71 ಸಾವಿರಕ್ಕೆ. ಯಾಕೆಂದರೆ ಬೆಲೆ ಅಷ್ಟು ಇಳಿದರೆ ಅದು ಅಂಚಿನಲ್ಲಿ ನಿಲ್ಲದೆ ದಿಬ್ಬದ ಒಳಗೇ ಹೊಕ್ಕಂತೆ. ಯೋಜನೆಯ ಆಧಾರವೇ ತಪ್ಪಿತು. ಅಂತರ 4 ಸಾವಿರ ಡಾಲರ್, ಅಂದರೆ 5.33%. ಎರಡು ಸಾವಿರ ರೂಪಾಯಿ ಇಷ್ಟಕ್ಕೆ ಸಮವಾಗಬೇಕಾದರೆ ಹೂಡಬೇಕಾದದ್ದು 37,500 ರೂಪಾಯಿ, ಪೂರ್ತಿ ಲಕ್ಷವಲ್ಲ. ಮಾರುವ ಗುರಿ 90 ಸಾವಿರ. ತಗ್ಗು ಮುಗಿದು ಮೇಲಿನ ದಿಬ್ಬ ಶುರುವಾಗುವುದು ಅಲ್ಲಿ, ಅಸಲು ಬಂದರೆ ಸಾಕು ಎಂದು ಕಾಯುವವರು ಇರುವುದೂ ಅಲ್ಲೇ. ಗುರಿ ಮುಟ್ಟಿದರೆ ಲಾಭ 20%, ಅಂದರೆ 7,500 ರೂಪಾಯಿ.

ಇಲ್ಲೊಂದು ಸೂಕ್ಷ್ಮವಿದೆ. ಅತಿ ಉದ್ದದ ಪಟ್ಟಿಯಲ್ಲೇ ಕೊಳ್ಳಬೇಕೆಂದು 60 ಸಾವಿರದ ಮೇಲಿನ ಮಟ್ಟದಲ್ಲಿ ಆರ್ಡರ್ ಹಾಕಿ ಕಾದವರಿಗೆ ಆ ಸಲ ಏನೂ ಸಿಗಲಿಲ್ಲ. ಬೆಲೆ ದಿಬ್ಬದ ನಡುಭಾಗಕ್ಕೆ ಬರಲೇ ಇಲ್ಲ. ಅಲ್ಲದೆ ದಿಬ್ಬದ ನಡುವೆ ಬೆಲೆ ಅತ್ತಿತ್ತ ತೂಗಾಡುವುದೇ ಹೆಚ್ಚು. ಎಂಟ್ರಿಗೆ ದಿಕ್ಕು ಸಿಗುವುದು ದಿಬ್ಬ ಮತ್ತು ತಗ್ಗು ಸೇರುವ ಕಡೆ.

ಭಾರತದಲ್ಲಿ ಕೂತವರು ಈ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಬೇಕು. ಇಂಥ ಲಾಭದ ಮೇಲೆ 30% ತೆರಿಗೆ, ಅದರ ಮೇಲೆ 4% ಸೆಸ್. ನಮ್ಮ 7,500ರಲ್ಲಿ 2,340 ಅಲ್ಲಿಗೇ ಹೋಗಿ 5,160 ಉಳಿಯುತ್ತದೆ. ಮಾರುವಾಗ ಪೂರ್ತಿ ಮೊತ್ತದ ಮೇಲೆ 1% ಟಿಡಿಎಸ್ ಹಿಡಿಯುವುದೂ ಇದೆ, ಅದು ಮುಂದೆ ತೆರಿಗೆಯಲ್ಲಿ ವಜಾ ಆಗುತ್ತದೆ. ಆದರೆ ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಎರಡು ಸಾವಿರದ ನಷ್ಟ ಪೂರ್ತಿ ನಮ್ಮದೇ. ಮೇಲ್ನೋಟಕ್ಕೆ ನಷ್ಟದ ಮೂರೂಮುಕ್ಕಾಲು ಪಟ್ಟು ಕಂಡ ಲಾಭ ಎರಡೂವರೆ ಪಟ್ಟಿಗೆ ಇಳಿಯಿತು. ಸಣ್ಣ ಸಣ್ಣ ದಿಬ್ಬಗಳಲ್ಲಿ ದಿನಕ್ಕೆ ನಾಲ್ಕು ಎಂಟ್ರಿ ಮಾಡುವವರಿಗೆ ಈ ಪೆಟ್ಟು ಇನ್ನೂ ಜೋರು.

ಪ್ರೊಫೈಲ್ ಸುಳ್ಳು ಹೇಳುವುದು ಯಾವಾಗ

ಮೊದಲ ತಪ್ಪು ಸಾಧನದ ಆಯ್ಕೆಯಲ್ಲೇ ಆಗುತ್ತದೆ. ಟ್ರೇಡಿಂಗ್‌ವ್ಯೂನಲ್ಲಿ Visible Range Volume Profile ಹಾಕಿದರೆ ಅದು ಪರದೆಯ ಮೇಲೆ ಕಾಣುವಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಚಾರ್ಟ್ ಸ್ವಲ್ಪ ಸರಿಸಿದರೆ ಪಿಒಸಿಯೂ ಸರಿಯುತ್ತದೆ. ನಿಮ್ಮ ‘ಗಟ್ಟಿ ಮಟ್ಟ’ ಹಾಗೆ ಜಾರಿದರೆ ಅದು ಗಟ್ಟಿಯಾಗಿರಲೇ ಇಲ್ಲ ಎಂದರ್ಥ. ಯೋಜನೆಗೆ Fixed Range Volume Profile ಒಳ್ಳೆಯದು. ಬೆಲೆ ಒಂದೇ ಪಟ್ಟೆಯೊಳಗೆ ಓಡಾಡಿದ ಅವಧಿಯ ಮೊದಲ ದಿನದಿಂದ ಕೊನೆಯ ದಿನದವರೆಗೆ ಎಳೆದು ಬಿಡಬೇಕು. ಪಟ್ಟಿಗಳ ಎರಡು ಬಣ್ಣಕ್ಕೂ ಮರುಳಾಗಬಾರದು. ಪ್ರತಿ ವ್ಯವಹಾರದಲ್ಲೂ ಕೊಂಡವನಷ್ಟೇ ಮಾರಿದವನೂ ಇರುತ್ತಾನೆ. ಆ ಬಣ್ಣ ಆಗ ಕ್ಯಾಂಡಲ್ ಮೇಲೆ ಮುಗಿಯಿತೋ ಕೆಳಗೋ ಎಂದಷ್ಟೇ ಹೇಳುತ್ತದೆ.

ಎರಡನೆಯದು ವಹಿವಾಟೇ ಸುಳ್ಳಾಗಿರುವುದು. 2019ರಲ್ಲಿ ಬಿಟ್‌ವೈಸ್ ಎಂಬ ಹೂಡಿಕೆ ಸಂಸ್ಥೆ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ಕೊಟ್ಟ ವರದಿಯಲ್ಲಿ, ಆಗ ವರದಿಯಾಗುತ್ತಿದ್ದ ಬಿಟ್‌ಕಾಯಿನ್ ವಹಿವಾಟಿನ ಸುಮಾರು 95% ಬರೀ ತೋರಿಕೆಯದು ಎಂದಿತ್ತು. ಸಣ್ಣ ನಾಣ್ಯಗಳಲ್ಲಿ ತನಗೆ ತಾನೇ ಮಾರಿಕೊಂಡು ವಹಿವಾಟು ಉಬ್ಬಿಸುವುದು ಇನ್ನೂ ಸುಲಭ. ಹಾಗೆ ಎದ್ದ ದಿಬ್ಬದಲ್ಲಿ ನಿಜವಾದ ಕೊಳ್ಳುವವರು ಇರುವುದಿಲ್ಲ. ಪರೀಕ್ಷೆ ಸರಳ: ಅದೇ ಅವಧಿಯ ಪ್ರೊಫೈಲನ್ನು ಎರಡು ಮೂರು ದೊಡ್ಡ ವಿನಿಮಯ ಕೇಂದ್ರಗಳಲ್ಲಿ ಬೇರೆ ಬೇರೆ ಎಳೆಯಿರಿ. ದಿಬ್ಬ ಎಲ್ಲ ಕಡೆಯೂ ಸರಿಸುಮಾರು ಅದೇ ಬೆಲೆಯಲ್ಲಿದ್ದರೆ ನಂಬಬಹುದು. ಒಂದೇ ಕಡೆ ಇದ್ದರೆ ಕೈಬಿಡಿ. ರೂಪಾಯಿ ಜೋಡಿಗಳಲ್ಲಿ ವಹಿವಾಟು ತೆಳುವಾಗಿರುವುದರಿಂದ ಪ್ರೊಫೈಲನ್ನು ಡಾಲರ್ ಜೋಡಿಯಲ್ಲೇ ನೋಡುವುದು ಲೇಸು.

ಕೊನೆಗೂ ಇದು ಹಿಂದಿನ ದಿನಗಳ ದರಪಟ್ಟಿ. ಏಪ್ರಿಲ್ 9ರಂದು ಟ್ರಂಪ್ ಹೆಚ್ಚಿನ ದೇಶಗಳ ಮೇಲಿನ ಏರಿಸಿದ ಸುಂಕವನ್ನು 90 ದಿನ ತಡೆಹಿಡಿಯುತ್ತಾರೆಂದು ಆ ಪಟ್ಟಿಗಳಲ್ಲಿ ಎಲ್ಲೂ ಬರೆದಿರಲಿಲ್ಲ. ಸುದ್ದಿ ತಿರುವುಮುರುವಾಗಿದ್ದರೆ 75 ಸಾವಿರದ ಅಂಚು ನಿಲ್ಲದೆ 71 ಸಾವಿರದ ಸ್ಟಾಪ್‌ಲಾಸ್ ತಾಗುತ್ತಿತ್ತು, ಎರಡು ಸಾವಿರ ಹೋಗುತ್ತಿತ್ತು. ಹೋದರೆ ಎಷ್ಟು ಎಂಬುದು ಮಾತ್ರ ಕೊಳ್ಳುವ ಮೊದಲೇ ಗೊತ್ತಿರುತ್ತಿತ್ತು.