ಕೂಲ್, ಸ್ಕೂಲ್ ಮತ್ತು ಒಂದು ಪುಟ್ಟ ʰ

ಫೊನೆಟಿಕ್ಸ್ ಅಸೈನ್‌ಮೆಂಟ್‌ನಲ್ಲಿ ಬ್ರಾಡ್ ಟ್ರಾನ್ಸ್‌ಕ್ರಿಪ್ಷನ್ ಯಾವಾಗ ಬರೀಬೇಕು, ನ್ಯಾರೋ ಯಾವಾಗ? ಇವತ್ತು ಇಷ್ಟೇ ವಿಷಯ. ಮೊದಲನೆಯದನ್ನು ಸ್ಥೂಲ ಲಿಪಿ, ಎರಡನೆಯದನ್ನು ಸೂಕ್ಷ್ಮ ಲಿಪಿ ಅನ್ನೋಣ.

ಬಾಯಿಯ ಮುಂದೆ ಅಂಗೈ ಹಿಡಿದು, ಇಂಗ್ಲೆಂಡಿನವರೋ ಅಮೆರಿಕದವರೋ ಹೇಳುವ ಹಾಗೆ ‘ಕೂಲ್’, ‘ಸ್ಕೂಲ್’ ಅಂತ ಹೇಳಿ. ಕೂಲ್‌ನ ‘ಕ’ ಜೊತೆ ಗಾಳಿ ನುಗ್ಗುತ್ತೆ, ಸ್ಕೂಲ್‌ನಲ್ಲಿ ಅಷ್ಟು ಇಲ್ಲ. ಆದರೆ ಇಂಗ್ಲಿಷಿನಲ್ಲಿ ಈ ಗಾಳಿಯೊಂದರಿಂದಲೇ ಪದದ ಅರ್ಥ ಬದಲಾಗುವುದಿಲ್ಲ. ಹಾಗಾಗಿ ಸ್ಥೂಲ ಲಿಪಿಯಲ್ಲಿ ಎರಡಕ್ಕೂ ಒಂದೇ k, ಓರೆಗೆರೆಗಳ ನಡುವೆ: /kuːl/, /skuːl/. ಸೂಕ್ಷ್ಮ ಲಿಪಿಯಲ್ಲಿ ಗಾಳಿಯೂ ದಾಖಲಾಗುತ್ತೆ, ಚೌಕ ಕಂಸದೊಳಗೆ: [kʰuːl], [skuːl].

ಈಗ ಕನ್ನಡದ ‘ಕರ’, ‘ಖರ’ ನೋಡಿ. ಇಲ್ಲಿ ಗಾಳಿ ಬದಲಾದರೆ ಪದವೇ ಬೇರೆ. ಅಂದರೆ ಕನ್ನಡಕ್ಕೆ ಸ್ಥೂಲ ಲಿಪಿಯಲ್ಲೇ ʰ ಬೇಕು: /kara/, /kʰara/. ಒಂದು ಭಾಷೆಯಲ್ಲಿ ಸೂಕ್ಷ್ಮ ವಿವರವಾದದ್ದು ಇನ್ನೊಂದರಲ್ಲಿ ಮೂಲ ವ್ಯತ್ಯಾಸ. ಚಿಹ್ನೆಗಳು ಜಾಸ್ತಿ ಇದ್ದರೆ ನ್ಯಾರೋ, ಕಡಿಮೆ ಇದ್ದರೆ ಬ್ರಾಡ್ ಅನ್ನೋ ಲೆಕ್ಕ ಇಲ್ಲಿ ಕೆಲಸಕ್ಕೆ ಬರಲ್ಲ.

ಹಾಗಾದರೆ ಅಸೈನ್‌ಮೆಂಟ್‌ನಲ್ಲಿ? ಪದದ ಉಚ್ಚಾರಣೆ ಬರೆಯಿರಿ, ಯಾವ ಧ್ವನಿಗಳು ಅರ್ಥ ಬೇರ್ಪಡಿಸುತ್ತವೆ ತೋರಿಸಿ ಅಂದರೆ ಸ್ಥೂಲ ಲಿಪಿ ಸಾಕು. ಈ ರೆಕಾರ್ಡಿಂಗ್‌ನಲ್ಲಿರುವ ವ್ಯಕ್ತಿ ಹೇಗೆ ಮಾತಾಡುತ್ತಾರೆ ಅಂತ ಕೇಳಿದರೆ ಸೂಕ್ಷ್ಮ ಲಿಪಿ.

ಒಂದು ಉದಾಹರಣೆ. ಕನ್ನಡಿಗರೊಬ್ಬರು ಇಂಗ್ಲಿಷ್ ಮಾತಾಡುವ ರೆಕಾರ್ಡಿಂಗ್ ಕೊಟ್ಟಿದ್ದಾರೆ ಅಂದುಕೊಳ್ಳಿ. ನಮ್ಮಲ್ಲಿ ಬಹಳ ಜನ ‘ಕೂಲ್’ನಲ್ಲಿ ಗಾಳಿ ಬಿಡಲ್ಲ: [kuːl]. ಇಂಗ್ಲಿಷ್ ಮನೆಮಾತಿನವರ ಕಿವಿಗೆ ಆ ‘ಕ’ ಕೆಲವೊಮ್ಮೆ ‘ಗ’ದಂತೆ ಕೇಳಬಹುದು. ಇಂಥ ತಪ್ಪುಗ್ರಹಿಕೆ ಯಾಕೆ ಅನ್ನುವುದೇ ಪ್ರಶ್ನೆಯಾದರೆ, /kuːl/ ಅಂತ ಬರೆದಾಗ ಉತ್ತರವೇ ಮರೆಯಾಗುತ್ತೆ.

ಇಲ್ಲಿ ಆಗೋ ದೊಡ್ಡ ತಪ್ಪು ಅಂದರೆ ಪುಸ್ತಕದ ನಿಯಮ ನೆನಪಿಟ್ಟುಕೊಂಡು, ಕೇಳಿಸದ ʰ ಹಾಕಿಬಿಡೋದು. ಅನುಮಾನ ಇದ್ದರೆ ಪ್ರಾಟ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಧ್ವನಿಯ ಅಲೆ ನೋಡಿ. ‘ಕ’ ಸಿಡಿದ ಕ್ಷಣದಿಂದ ಸ್ವರದ ಕಂಪನ ಶುರುವಾಗುವವರೆಗಿನ ಅಂತರ ಅಳೆಯಿರಿ. ಇಂಗ್ಲಿಷಿನ ಪದದ ಮೊದಲ ‘ಕ’ಗೆ ಅದು ಸುಮಾರು 80 ಮಿಲಿಸೆಕೆಂಡ್ ಇರುತ್ತೆ, ಗಾಳಿಯಿಲ್ಲದ ‘ಕ’ಗೆ ಅದಕ್ಕಿಂತ ಬಹಳ ಕಡಿಮೆ. ಮಾತಿನ ವೇಗಕ್ಕೆ ತಕ್ಕಂತೆ ಇದು ಬದಲಾಗುತ್ತೆ, ಹಾಗಾಗಿ ಅದೇ ವ್ಯಕ್ತಿಯ ‘ಸ್ಕೂಲ್’ ಜೊತೆ ಹೋಲಿಸಿ.

ಸೂಕ್ಷ್ಮ ಅಂದರೆ ಕಿವಿಗೆ ಬಿದ್ದದ್ದೆಲ್ಲಾ ಅಲ್ಲ. ಪ್ರಶ್ನೆ ಗಾಳಿಯ ಬಗ್ಗೆ ಇದ್ದರೆ ʰ ಗುರುತಿಸಿ, ಕೊನೆಯ ‘ಲ್’ನ ಬಣ್ಣ ಬಿಟ್ಟುಬಿಡಿ. ಏನನ್ನು ಗುರುತಿಸಿದ್ದೀರಿ, ಏನನ್ನು ಬಿಟ್ಟಿದ್ದೀರಿ ಅಂತ ಉತ್ತರದ ಮೇಲೆ ಒಂದು ಸಾಲು ಬರೆದರೆ, ತಿದ್ದುವವರಿಗೆ ಅದು ಮರೆವಲ್ಲ, ಆಯ್ಕೆ ಅಂತ ಗೊತ್ತಾಗುತ್ತೆ.