ಅಂದಿನ ಅರ್ಥದಿಂದ ಈ ವಾರದ ಕೆಲಸಕ್ಕೆ

ಭಾನುವಾರದ ಪ್ರಸಂಗದ ಕರಡು ಎಷ್ಟೋ ಸಲ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಸಭಾಪಾಲಕರು ವಾಕ್ಯಭಾಗವನ್ನು ನಾಲ್ಕಾರು ಬಾರಿ ಓದಿರುತ್ತಾರೆ, ವ್ಯಾಖ್ಯಾನಗಳನ್ನು ತಿರುವಿರುತ್ತಾರೆ, ಅಂದಿನ ಜನರ ರೀತಿನೀತಿಗಳನ್ನು ಗುರುತು ಹಾಕಿಕೊಂಡಿರುತ್ತಾರೆ. ನಾಲ್ಕೈದು ಪುಟ ತುಂಬಿದ ಮೇಲೆ ಕೊನೆಯ ಪ್ಯಾರಾದಲ್ಲಿ, ಆದ್ದರಿಂದ ನಾವೂ ಒಬ್ಬರನ್ನೊಬ್ಬರು ಪ್ರೀತಿಸೋಣ, ಪ್ರಾರ್ಥನೆಯಲ್ಲಿ ಬೆಳೆಯೋಣ ಎಂದು ಬರೆದು ಮುಗಿಸುತ್ತಾರೆ. ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಪ್ಯಾರಾವನ್ನು ಹೋದ ವಾರದ ಪ್ರಸಂಗದ ಕೊನೆಗೆ ಅಂಟಿಸಿದರೂ ಹೊಂದಿಕೊಳ್ಳುತ್ತದೆ ಎಂದಾದರೆ, ಅದು ಈ ವಾಕ್ಯದಿಂದ ಹುಟ್ಟಿದ್ದಲ್ಲ.

ಈ ತೊಂದರೆ ಹಳೆಯದು. ಇಂಗ್ಲೆಂಡಿನ ವೆಸ್ಟ್‌ಮಿನ್ಸ್ಟರ್‌ನಲ್ಲಿ ಸೇರಿದ್ದ ಧರ್ಮಪಂಡಿತರ ಸಭೆ ಸಿದ್ಧಪಡಿಸಿ, 1645ರಲ್ಲಿ ಜಾರಿಗೆ ಬಂದ ಆರಾಧನಾ ಕೈಪಿಡಿಯು, ಬೋಧಕನು ಸಾಮಾನ್ಯ ತತ್ವ ಹೇಳಿ ನಿಲ್ಲಬಾರದು, ಅದನ್ನು ಕೇಳುಗರ ಬದುಕಿಗೆ ಮುಟ್ಟಿಸಬೇಕು ಎಂದು ವಿಧಿಸುತ್ತದೆ. ಈ ಕೆಲಸ ಬೋಧಕನಿಗೇ ಬಲು ಕಷ್ಟದ್ದು ಎಂದೂ ಅದೇ ಕೈಪಿಡಿ ಒಪ್ಪಿಕೊಳ್ಳುತ್ತದೆ. ಅರ್ಥ ಹುಡುಕಲು ನಿಘಂಟು, ವ್ಯಾಖ್ಯಾನ, ಭೂಪಟ ಎಲ್ಲವೂ ಇವೆ. ಅರ್ಥವನ್ನು ಈ ವಾರಕ್ಕೆ ತರಲು ಅಂಥ ಆಕರಗ್ರಂಥ ಯಾವುದೂ ಇಲ್ಲ. ಹಾಗಾಗಿ ಕರಡು ಇಲ್ಲಿಗೆ ಬಂದಾಗ ತಡವರಿಸುತ್ತದೆ.

ದಾರಿ ಹೇಗೆ ಸಾಗುತ್ತದೆ ಎಂಬುದನ್ನು ಒಂದೇ ವಚನದಲ್ಲಿ ನೋಡಬಹುದು. ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನ ಮನೆ ಕಟ್ಟುವವರಿಗೆ ಹೇಳಿದ್ದು. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಿಸಬೇಕು. ಇಲ್ಲವಾದರೆ ಅಲ್ಲಿಂದ ಯಾರಾದರೂ ಬಿದ್ದು ಸತ್ತಾಗ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ. ಇಷ್ಟೇ ಆಜ್ಞೆ.

ಅರ್ಥದ ಭಾಗ ಇಲ್ಲಿ ತೊಡಕಿನದಲ್ಲ. ಇಸ್ರಾಯೇಲಿನ ಮನೆಗಳ ಮಾಳಿಗೆ ಮಟ್ಟಸವಾಗಿತ್ತು, ಜನ ಅದನ್ನು ದಿನವೂ ಬಳಸುತ್ತಿದ್ದರು. ಯೆರಿಕೋವಿನ ರಾಹಾಬಳು ಮಾಳಿಗೆಯ ಮೇಲೆ ಹರವಿದ್ದ ಅಗಸೆ ದಂಟುಗಳ ಕೆಳಗೆ ಗೂಢಚಾರರನ್ನು ಬಚ್ಚಿಟ್ಟಳು. ಸಮುವೇಲನು ಸೌಲನೊಂದಿಗೆ ಮಾಳಿಗೆಯ ಮೇಲೆ ಮಾತಾಡಿದನು. ಪೇತ್ರನು ಪ್ರಾರ್ಥನೆಗೆ ಹತ್ತಿದ್ದೂ ಮಾಳಿಗೆಗೇ. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಬೇಸಿಗೆಯ ರಾತ್ರಿ ಮಲಗಿದವರಿಗೆ, ಮೇಲೆ ಮೆಣಸಿನಕಾಯಿ ಒಣಗಿಸಿದವರಿಗೆ ಈ ಚಿತ್ರ ವಿವರಿಸಬೇಕಾಗಿಯೇ ಇಲ್ಲ. ಮನೆಯ ಯಜಮಾನ ತನ್ನ ಪಾಡಿಗೆ ಮನೆ ಕಟ್ಟಿಕೊಂಡಿದ್ದಾನೆ, ಯಾರನ್ನೂ ತಳ್ಳಿಲ್ಲ. ಆದರೂ ಅಪಾಯ ಅವನ ಕಣ್ಣೆದುರಿಗಿತ್ತು, ತಡೆಯುವುದು ಅವನ ಕೈಯಲ್ಲಿತ್ತು. ಅದಕ್ಕಾಗಿ ಅವನು ಹೊಣೆ.

ಇಷ್ಟು ತಿಳಿದ ಮೇಲೆ ಕರಡಿನ ಪಕ್ಕದಲ್ಲಿ ಮೂರು ವಾಕ್ಯಗಳನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ ಕ್ರಮ. ಮೊದಲನೆಯದು ಭೂತಕಾಲದಲ್ಲಿ: ಮಾಳಿಗೆಯಿಂದ ಬೀಳಬಹುದಾದವರ ಪ್ರಾಣಕ್ಕೆ ಮನೆಯ ಯಜಮಾನನನ್ನು ದೇವರು ಹೊಣೆ ಮಾಡಿದನು. ಎರಡನೆಯದರಲ್ಲಿ ಮಾಳಿಗೆಯೂ ಇರಬಾರದು, ಇಸ್ರಾಯೇಲೂ ಇರಬಾರದು: ನಮ್ಮ ಸ್ವತ್ತಿನಿಂದ ಇನ್ನೊಬ್ಬರ ಜೀವಕ್ಕೆ ಅಪಾಯವಿದೆ ಎಂದು ಗೊತ್ತಿದ್ದರೆ, ಅದು ಸಂಭವಿಸುವ ಮೊದಲೇ ತಡೆಯುವುದು ದೇವರು ನಮ್ಮಿಂದ ಕೇಳುವ ನೆರೆಯವರ ಪ್ರೀತಿ. ಮೂರನೆಯದು ಈ ವಾರದ್ದು, ಅದು ಕೊನೆಗೆ ಬರುತ್ತದೆ.

ಮೂರರಲ್ಲಿ ನಡುವಿನ ವಾಕ್ಯವೇ ನಿರ್ಣಾಯಕ. ಹೆಚ್ಚಿನ ಪ್ರಸಂಗಗಳು ಕೆಡುವುದು ಇಲ್ಲಿಯೇ. ನಡುವಿನ ವಾಕ್ಯವನ್ನು ಬಿಟ್ಟು ನೇರವಾಗಿ ಹಾರಿದರೆ, ಎಲ್ಲರೂ ತಾರಸಿಗೆ ಪ್ಯಾರಾಪೆಟ್ ಕಟ್ಟಿಸಿ ಎಂದಷ್ಟೇ ಹೇಳಬೇಕಾಗುತ್ತದೆ; ಹೆಂಚಿನ ಮನೆಯವರು ಸುಮ್ಮನೆ ಮನೆಗೆ ಹೋಗುತ್ತಾರೆ. ನಡುವಿನ ವಾಕ್ಯವನ್ನು ತೀರಾ ಮೇಲಕ್ಕೆ ಎತ್ತಿ, ದೇವರು ಜೀವವನ್ನು ಪ್ರೀತಿಸುತ್ತಾನೆ ಎಂದು ಬರೆದರೆ ಅದು ಬೈಬಲಿನ ನೂರು ವಚನಗಳಿಗೂ ಸಲ್ಲುತ್ತದೆ, ಕೊನೆಗೆ ಮತ್ತೆ ಅದೇ ಹಳೆಯ ಪ್ಯಾರಾ ಬಂದು ಕೂರುತ್ತದೆ. ಇನ್ನು ತಡೆಗೋಡೆ ಎಂದರೆ ಆತ್ಮದ ಸುತ್ತ ಕಟ್ಟುವ ಪ್ರಾರ್ಥನೆಯ ಗೋಡೆ ಎಂದು ರೂಪಕ ಮಾಡಿಬಿಟ್ಟರೆ ವಚನದ ಹೊಣೆಗಾರಿಕೆಯೇ ಮಾಯವಾಗುತ್ತದೆ. ಬೀಳಬಹುದಾದ ನೆರೆಯವನು ಅಲ್ಲಿ ಇರುವುದೇ ಇಲ್ಲ.

ನಡುವಿನ ವಾಕ್ಯ ಸರಿಯಿದೆಯೇ ಎಂದು ತಿಳಿಯಲು ಎರಡು ಸಾಕ್ಷಿಗಳನ್ನು ಕೇಳಬಹುದು. ಒಂದು, ಬೈಬಲಿನ ಉಳಿದ ಭಾಗ. ಕಣ ತುಳಿಯುವ ಎತ್ತಿಗೆ ಬಾಯಿಕುಕ್ಕೆ ಹಾಕಬಾರದೆಂಬ ಆಜ್ಞೆಯೂ ಇದೇ ಧರ್ಮೋಪದೇಶಕಾಂಡದಲ್ಲಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಅದನ್ನು ಎತ್ತಿಕೊಂಡು, ದುಡಿಯುವವನಿಗೆ ದುಡಿಮೆಯ ಫಲದಲ್ಲಿ ಪಾಲಿದೆ ಎಂಬ ತತ್ವಕ್ಕೆ ತಂದು, ಅಲ್ಲಿಂದ ಸುವಾರ್ತೆ ಸಾರುವವರ ಜೀವನಾಧಾರದ ಪ್ರಶ್ನೆಗೆ ಇಳಿಯುತ್ತಾನೆ. ಹಳೆಯ ಆಜ್ಞೆ, ಅದರ ಕಾರಣ, ಇಂದಿನ ಕೆಲಸ ಎಂಬ ಮೂರೂ ಮೆಟ್ಟಿಲು ಅಲ್ಲಿವೆ. ಇನ್ನೊಂದು ಸಾಕ್ಷಿ, ಆ ವಚನವನ್ನು ಶತಮಾನಗಳಿಂದ ಪಾಲಿಸಿಕೊಂಡು ಬಂದ ಯೆಹೂದ್ಯರ ಪರಂಪರೆ. ಕೆಟ್ಟ ನಾಯಿಯನ್ನೂ ಅಲುಗಾಡುವ ಏಣಿಯನ್ನೂ ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ತಾಲ್ಮುದ್ ಈ ವಚನದಿಂದಲೇ ಹೇಳುತ್ತದೆ. 12ನೇ ಶತಮಾನದ ಮೈಮೊನಿಡೀಸ್ ಅಂಗಳದ ಬಾವಿಗೂ ಇದೇ ನಿಯಮ ಹಚ್ಚಿ, ಹತ್ತು ಅಂಗೈ ಅಗಲದಷ್ಟು ಎತ್ತರದ ಕಟ್ಟೆ ಇಲ್ಲವೇ ಮುಚ್ಚಳ ಬೇಕೆಂದರು. ಮಾಳಿಗೆಯಿಂದ ಬಾವಿಗೆ ಹೋಗುವ ದಾರಿ ಇಂದಿನ ಬೋಧಕರ ಕಲ್ಪನೆಯಲ್ಲ ಎಂಬುದಕ್ಕೆ ಇದು ಸಾಕು.

ಈಗ ಮೂರನೆಯ ವಾಕ್ಯ. ಇದಕ್ಕೆ ಪುಸ್ತಕ ಮುಚ್ಚಿ ಸಭೆಯನ್ನು ನೋಡಬೇಕು. ಕೇಂಬ್ರಿಜ್‌ನ ವಿಲಿಯಂ ಪರ್ಕಿನ್ಸ್ 1592ರಲ್ಲಿ ಪ್ರಸಂಗಕಲೆಯ ಬಗ್ಗೆ ಬರೆದ ಲ್ಯಾಟಿನ್ ಪುಸ್ತಕದಲ್ಲಿ ಕೇಳುಗರನ್ನು ಏಳು ಬಗೆಯಾಗಿ ವಿಂಗಡಿಸಿ, ಒಂದೇ ತತ್ವ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಮುಟ್ಟಬೇಕೆಂದಿದ್ದರು. ಅವರು ವಿಂಗಡಿಸಿದ್ದು ಜನರ ಆತ್ಮಿಕ ಸ್ಥಿತಿಯನ್ನು ಆಧರಿಸಿ. ಈ ವಚನಕ್ಕೆ ಜನರ ಕೈಯಲ್ಲಿ ಏನಿದೆ ಎಂಬುದನ್ನು ನೋಡುವುದು ಹೆಚ್ಚು ಫಲಕಾರಿ.

ಬಯಲುಸೀಮೆಯ ಒಂದು ಸಣ್ಣ ಊರಿನ ಸಭೆಯನ್ನು ಊಹಿಸಿಕೊಳ್ಳಬಹುದು. ಮುಂದಿನ ಸಾಲುಗಳಲ್ಲಿ ಜಮೀನುಳ್ಳ ಮೂರು ನಾಲ್ಕು ಮನೆಯವರು. ಅವರಲ್ಲಿ ಒಬ್ಬರ ಹೊಲದಲ್ಲಿ ನೀರು ಬಾರದೆ ಬಿಟ್ಟ ಕೊಳವೆಬಾವಿ ಇದೆ, ಕೇಸಿಂಗ್ ಪೈಪನ್ನೂ ಕಿತ್ತು ಒಯ್ದು ಬಾಯಿಗೆ ಗೋಣಿಚೀಲ ಹಾಸಿ ಕಲ್ಲಿಟ್ಟಿದ್ದಾರೆ. ಇನ್ನೊಬ್ಬರು ಹಂದಿ ಕಾಟಕ್ಕೆ ರಾತ್ರಿ ಬೇಲಿಗೆ ಕರೆಂಟ್ ಕೊಡುತ್ತಾರೆ. ಎರಡು ಮನೆ ಬಾಡಿಗೆಗೆ ಕೊಟ್ಟವರಿದ್ದಾರೆ, ಅಂಗಳದ ಸಂಪಿನ ಮುಚ್ಚಳ ತುಕ್ಕು ಹಿಡಿದಿದೆ. ಗಾರೆ ಕೆಲಸದ ಮೇಸ್ತ್ರಿಯೊಬ್ಬರ ಕೈಕೆಳಗೆ ಆರು ಆಳುಗಳಿದ್ದಾರೆ. ಹಿಂದಿನ ಸಾಲುಗಳಲ್ಲಿ ಕೂಲಿಗೆ ಹೋಗುವವರು, ಬಾಡಿಗೆಗೆ ಇರುವವರು, ಕಾಲೇಜಿನ ಹುಡುಗರು.

ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆದಾಗ ಕರಡಿನ ವಾಕ್ಯ ಬದಲಾಗುತ್ತದೆ. ಅಪಾಯಗಳ ಬಗ್ಗೆ ಎಚ್ಚರವಾಗಿರೋಣ ಎಂಬ ಮಾತಿನ ಜಾಗದಲ್ಲಿ ಹೀಗೆ ಬರುತ್ತದೆ: ಹೊಲದಲ್ಲಿ ಬಿಟ್ಟುಹೋದ ಕೊಳವೆಬಾವಿ ಇರುವವರು ಶನಿವಾರದೊಳಗೆ ಅದನ್ನು ಮಣ್ಣು, ಕಲ್ಲು ಹಾಕಿ ನೆಲಮಟ್ಟದವರೆಗೆ ತುಂಬಿಸಲಿ. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಗೋಣಿಚೀಲ, ಕಲ್ಲು ಸಾಲದು. ಬೇಲಿಗೆ ಕರೆಂಟ್ ಕೊಡುವವರು ಇಂದು ರಾತ್ರಿಯೇ ಆ ತಂತಿ ತೆಗೆಯಲಿ. ಮನೆ ಬಾಡಿಗೆಗೆ ಕೊಟ್ಟವರು ಸಂಜೆ ಒಮ್ಮೆ ಹೋಗಿ ಸಂಪಿನ ಮುಚ್ಚಳದ ಮೇಲೆ ಕೈಯಿಟ್ಟು ಒತ್ತಿ ನೋಡಲಿ. ಯಾರು, ಎಲ್ಲಿ, ಯಾವಾಗಿನೊಳಗೆ ಎಂಬ ಮೂರೂ ಇದರಲ್ಲಿ ಇವೆ. ಶನಿವಾರ ರಾತ್ರಿ ಅದು ಆಗಿದೆಯೋ ಇಲ್ಲವೋ ಎಂದು ಆ ಮನುಷ್ಯನೇ ಹೇಳಬಲ್ಲ. ಹಾಗೆ ಹೇಳಲಾಗದಿದ್ದರೆ ಕರಡು ಇನ್ನೂ ತತ್ವದಲ್ಲೇ ಇದೆ.

ಸ್ವತ್ತೇ ಇಲ್ಲದವರಿಗೆ ಏನು ಹೇಳುವುದೆಂಬುದು ಇಲ್ಲಿ ನಿಜವಾದ ಕಷ್ಟ. ಅವರನ್ನು ಬಿಟ್ಟುಬಿಟ್ಟರೆ ಪ್ರಸಂಗ ಉಳ್ಳವರ ಪ್ರಸಂಗವಾಗುತ್ತದೆ. ಆದರೆ ಈ ವಚನದಲ್ಲಿ ಬೀಳಬಹುದಾದವನೂ ಇದ್ದಾನೆ, ಅವನ ಪ್ರಾಣಕ್ಕೆ ದೇವರು ಲೆಕ್ಕ ಕೇಳುತ್ತಾನೆ. ಹಗ್ಗ, ಸಾರುವೆ ಸರಿಯಿಲ್ಲದೆ ಮೂರನೇ ಮಹಡಿಯಲ್ಲಿ ಕೆಲಸ ಮಾಡುವ ಆಳು ಮೇಸ್ತ್ರಿಯನ್ನು ಹಗ್ಗ ಕೇಳುವುದು ಉದ್ಧಟತನವಲ್ಲ ಎಂಬುದು ಅವನಿಗೆ ಈ ವಾರದ ಮಾತು. ಮೇಸ್ತ್ರಿಗೆ, ಅವನು ಕೇಳುವ ಮೊದಲೇ ಕೊಡಿ ಎಂಬುದು. ಒಂದೇ ವಚನ ಇಬ್ಬರಿಗೂ ತಲುಪಿತು, ಇಬ್ಬರಿಗೂ ಬೇರೆ ಕೆಲಸ ಕೊಟ್ಟಿತು.

ಇಲ್ಲಿಂದ ಮುಂದೆ ಅಪಾಯ ಎದುರು ದಿಕ್ಕಿನಿಂದ ಬರುತ್ತದೆ. ನಿರ್ದಿಷ್ಟವಾಗಿ ಹೇಳುವ ಹುರುಪಿನಲ್ಲಿ ಬೋಧಕರು ತಮ್ಮ ಸ್ವಂತ ಅಭಿಪ್ರಾಯಕ್ಕೆ ದೇವರ ಮುದ್ರೆ ಒತ್ತಿಬಿಡಬಹುದು. ಅಮೆರಿಕದ ಪ್ರಸಂಗಕಲೆಯ ಅಧ್ಯಾಪಕ ಹ್ಯಾಡನ್ ರಾಬಿನ್ಸನ್ 1997ರ ಒಂದು ಸಂದರ್ಶನದಲ್ಲಿ, ಅರ್ಥ ಹೇಳುವಾಗಿಗಿಂತ ಅನ್ವಯಿಸುವಾಗಲೇ ಹೆಚ್ಚು ತಪ್ಪುಬೋಧನೆ ನಡೆಯುತ್ತದೆ ಎಂದು ಎಚ್ಚರಿಸಿದ್ದರು. ವಾಕ್ಯದಿಂದ ಹೊರಡುವ ಮಾತುಗಳನ್ನು ಅನಿವಾರ್ಯ, ಸಂಭವನೀಯ, ಸಾಧ್ಯ, ಅಸಂಭವ, ಅಸಾಧ್ಯ ಎಂದು ತೂಗಿ ನೋಡುವ ಕ್ರಮ ಅವರದು. ಕೊಳವೆಬಾವಿಗೆ ಇದನ್ನು ಹಚ್ಚಿ ನೋಡಿದರೆ, ಗೊತ್ತಿದ್ದ ಪ್ರಾಣಾಪಾಯವನ್ನು ನಿವಾರಿಸಬೇಕು ಎಂಬುದು ಅನಿವಾರ್ಯ. ಅದಕ್ಕಾಗಿ ಬಾವಿ ತುಂಬಿಸಬೇಕು ಎಂಬುದು ಬಹುಮಟ್ಟಿಗೆ ಖಚಿತ. ಖರ್ಚು ಭರಿಸಲಾಗದ ಕುಟುಂಬಕ್ಕೆ ಸಭೆ ಚಂದಾ ಎತ್ತಲಿ ಎಂಬುದು ಒಳ್ಳೆಯ ಸಾಧ್ಯತೆ, ಆದರೆ ವಚನ ಅದನ್ನು ಆಜ್ಞಾಪಿಸಿಲ್ಲ; ಸಲಹೆಯಾಗಿಯೇ ಹೇಳಬೇಕು. ತಡೆಗೋಡೆ ಕಟ್ಟಿಸಿದ ಮನೆಗೆ ದುಃಖ ಬಾರದು ಎಂಬ ಮಾತು ಅಸಾಧ್ಯದ್ದು, ವಚನ ಅಂಥ ಭರವಸೆ ಕೊಟ್ಟೇ ಇಲ್ಲ. ಕರಡಿನಲ್ಲಿರುವ "ಮಾಡಲೇಬೇಕು" ಎಂಬ ಪ್ರತಿ ಮಾತನ್ನೂ ಈ ತಕ್ಕಡಿಯಲ್ಲಿಟ್ಟರೆ ಕೆಲವು "ಮಾಡಬಹುದು" ಆಗಿ ಇಳಿಯುತ್ತವೆ, ಕೆಲವು ಹೊರಗೇ ಹೋಗುತ್ತವೆ.

ಇನ್ನೊಂದು ಅಂಶವನ್ನು ಮರೆಯಲಾಗದು. ಆ ಸಭೆಯಲ್ಲಿ ಇಂಥದೇ ಅವಘಡದಲ್ಲಿ ಮಗುವನ್ನು ಕಳೆದುಕೊಂಡವರು ಕೂತಿರಬಹುದು, ಮುಚ್ಚಳ ತೆರೆದಿಟ್ಟಿದ್ದು ಅವರದೇ ಕೈಯಿರಬಹುದು. ರಕ್ತದ ಹೊಣೆ ಎಂಬ ಮಾತು ಅವರ ಕಿವಿಯಲ್ಲಿ ತೀರ್ಪಾಗಿ ಕೇಳಿಸುತ್ತದೆ. ಅವರಿಗೆ ಈ ವಾರ ಮಾಡಲು ಕೆಲಸ ಕೊಡುವ ಮೊದಲು ಕ್ಷಮೆಯ ಮಾತು ಸಿಗಬೇಕು. ಕ್ರೈಸ್ತ ಪ್ರಸಂಗದಲ್ಲಿ ಅದು ಕೊನೆಯಲ್ಲಿ ಸೇರಿಸುವ ಸಾಂತ್ವನವಲ್ಲ, ಆಜ್ಞೆ ನಿಂತಿರುವ ನೆಲ. ಹೊಣೆಯ ಭಾಗ ಮುಗಿದ ಕೂಡಲೇ, ಕೆಲಸದ ಭಾಗ ಶುರುವಾಗುವ ಮುನ್ನ, ಅದಕ್ಕೆ ನಾಲ್ಕಾರು ನಿಧಾನದ ವಾಕ್ಯಗಳ ಜಾಗ ಬಿಡುವುದು ಒಳ್ಳೆಯದು.

ಇಷ್ಟೆಲ್ಲ ಆದಾಗ ಕರಡಿನ ಆಕಾರವೇ ಬದಲಾಗಿರುತ್ತದೆ. ಅರ್ಥ ವಿವರಿಸುವ ನಾಲ್ಕು ಪುಟಗಳು ಒಂದೂವರೆಗೆ ಇಳಿಯಬೇಕು. ರಾಹಾಬಳು ಉಳಿಯಬಹುದು, ಸಮುವೇಲನ ಉಲ್ಲೇಖ ಹೋಗಬಹುದು. ನಡುವಿನ ವಾಕ್ಯಕ್ಕೆ ಬೇಕಾದ ವಿವರವಷ್ಟೇ ಸಾಕು. ಕೊಳವೆಬಾವಿಯ ಮಾತನ್ನು ಕೊನೆಯವರೆಗೆ ಕಾಯಿಸದೆ, ಯಜಮಾನನ ಹೊಣೆ ವಿವರಿಸಿದ ಕೂಡಲೇ ತಂದರೆ ಕೇಳುಗರಿಗೆ ಇಡೀ ವಚನ ಹತ್ತಿರವಾಗುತ್ತದೆ. ಹೇಳುವ ಕೆಲಸಗಳೂ ಎರಡು ಮೂರನ್ನು ಮೀರಬಾರದು. ಹತ್ತು ಹೇಳಿದರೆ ಮನೆಗೆ ಹೋಗುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ.

ಕೊನೆಯದಾಗಿ, ಶನಿವಾರ ಸಂಜೆ ಸಭೆಯ ಯಾರಾದರೊಬ್ಬರಿಗೆ, ಮನೆಯವರಿಗೂ ಆದೀತು, ಕರಡನ್ನು ಓದಿ ಹೇಳಿ ಎರಡು ಪ್ರಶ್ನೆ ಕೇಳಬಹುದು: ಸೋಮವಾರ ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ. ಮೊದಲನೆಯದಕ್ಕೆ ಉತ್ತರ ಬಾರದಿದ್ದರೆ ಮೂರನೆಯ ವಾಕ್ಯ ದುರ್ಬಲವಾಗಿದೆ. ಎರಡನೆಯದಕ್ಕೆ, ಅಯ್ಯನವರು ಹೇಳಿದರು ಎಂಬ ಉತ್ತರ ಬಂದರೆ ತಪ್ಪಿರುವುದು ನಡುವಿನ ವಾಕ್ಯದಲ್ಲಿ. ಮಾಳಿಗೆಯಿಂದ ಬಾವಿಯವರೆಗಿನ ದಾರಿಯನ್ನು ಕೇಳುಗರು ತಾವೇ ನಡೆದಿಲ್ಲ ಎಂದರ್ಥ, ಆ ಭಾಗವನ್ನು ಮತ್ತೆ ಬರೆಯಬೇಕಾಗುತ್ತದೆ.