ರಿವರ್ಸ್ ಹಾಕಿದಾಗ ಕಾರು ತಕರಾರು ತೆಗೆದರೆ

ರಿವರ್ಸ್ ಗೇರ್ ಹಾಕಿದೊಡನೆ ಎಂದಿನ ಚಿಕ್ಕ ಬೀಪ್ ಬದಲು ಎರಡು ಮೂರು ಸೆಕೆಂಡು ಎಳೆದಂತೆ ಒಂದೇ ಬೀಪ್ ಬರುತ್ತದೆ. ಮೀಟರ್ ಬೋರ್ಡಿನ ಮೇಲೆ Check Parking Sensor ಎಂದೋ Sensor Blocked ಎಂದೋ ಅಕ್ಷರ ಮೂಡುತ್ತದೆ. ಕಾರಿನಿಂದ ಕಾರಿಗೆ ಮಾತು ಬೇರೆ, ಅರ್ಥ ಮಾತ್ರ ಒಂದೇ: ಹಿಂದೆ ಏನಿದೆಯೋ ಹೇಳಲು ನನ್ನಿಂದ ಆಗುತ್ತಿಲ್ಲ. ಬಹಳಷ್ಟು ಮಂದಿ ಇದನ್ನು ಕಂಡ ಮರುದಿನವೇ ಗ್ಯಾರೇಜಿಗೆ ಹೋಗುತ್ತಾರೆ. ಅಲ್ಲಿ ನಾಲ್ಕೂ ಸೆನ್ಸರ್ ಬದಲಿಸಬೇಕು ಎಂದರೆ ಒಪ್ಪಿಕೊಂಡೂ ಬಿಡುತ್ತಾರೆ. ಅದಕ್ಕೆ ಮೊದಲು ಮನೆಯ ಮುಂದೆಯೇ ಹತ್ತು ನಿಮಿಷ ನೋಡಬಹುದಾದ ಕೆಲವು ಸಂಗತಿಗಳಿವೆ.

2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಆಗ ಕೊಂಡ ಕಾರುಗಳು ಈಗಾಗಲೇ ಹಲವು ಮಳೆಗಾಲ ಕಂಡಿವೆ. ಬಂಪರಿನ ಮೇಲಿರುವ ಗುಂಡಗಿನ ಬಿಲ್ಲೆಗಳೇ ಆ ಸೆನ್ಸರುಗಳು. ಒಂದೊಂದರ ಒಳಗೂ ತೆಳುವಾದ ಲೋಹದ ಪೊರೆಯೊಂದು ಸೆಕೆಂಡಿಗೆ 40 ಸಾವಿರಕ್ಕೂ ಹೆಚ್ಚು ಸಲ ಕಂಪಿಸಿ, ಕಿವಿಗೆ ಕೇಳದ ಶಬ್ದವನ್ನು ಹೊರಗೆ ಕಳಿಸುತ್ತದೆ. ಆ ಶಬ್ದ ಗೋಡೆಗೆ ಬಡಿದು ಮರಳಿ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕಲಾಗುತ್ತದೆ. ಗೋಡೆ ಒಂದು ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು ಹೆಚ್ಚುಕಡಿಮೆ 6 ಮಿಲಿಸೆಕೆಂಡು ಸಾಕು.

ಸೆನ್ಸರ್ ಕೆಟ್ಟಿದೆಯೆಂದು ಕಾರಿಗೆ ಗೊತ್ತಾಗುವುದು ಹೇಗೆ? ದೇವಸ್ಥಾನದ ಗಂಟೆ ಹೊಡೆದ ಮೇಲೂ ಅದರ ನಾದ ಸ್ವಲ್ಪ ಹೊತ್ತು ಉಳಿಯುತ್ತದಲ್ಲ, ಹಾಗೆಯೇ ಈ ಪೊರೆಯೂ ಒಂದು ಕ್ಷಣ ನಡುಗುತ್ತಲೇ ಇರುತ್ತದೆ. ಆ ನಡುಕ ಎಷ್ಟು ಹೊತ್ತಿರಬೇಕೆಂಬ ಲೆಕ್ಕ ಕಂಟ್ರೋಲ್ ಯೂನಿಟ್ಟಿಗೆ ಗೊತ್ತು. ಕೆಸರು ಮೆತ್ತಿಕೊಂಡರೆ, ದಪ್ಪಗೆ ಪೇಂಟ್ ಕೂತರೆ, ಬಂಪರಿಗೆ ಪೆಟ್ಟು ಬಿದ್ದು ಪೊರೆಯ ಸುತ್ತಲಿನ ರಬ್ಬರ್ ರಿಂಗ್ ಸರಿದರೆ ಆ ಲೆಕ್ಕ ತಪ್ಪುತ್ತದೆ. ಎಷ್ಟೋ ಕಾರುಗಳು Blocked ಎಂದು ತೋರಿಸುವುದು ಈ ಕಾರಣಕ್ಕೆ. ವೈರು ತುಂಡಾಗಿ ಸೆನ್ಸರಿನಿಂದ ಉತ್ತರವೇ ಬಾರದಿದ್ದರೆ ಅದು ಬೇರೆ ದೋಷ. ಆಗ ಸಾಮಾನ್ಯವಾಗಿ Check ಅಥವಾ Error ಎಂದು ಬರುತ್ತದೆ. ಆದರೆ ಕೆಲವು ಕಾರುಗಳಲ್ಲಿ ಎರಡಕ್ಕೂ ಒಂದೇ ಸಂದೇಶ, ಹಾಗಾಗಿ ಅಕ್ಷರವನ್ನಷ್ಟೇ ನಂಬಿ ಕೂರುವಂತಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಿಂದೆ ನಾಲ್ಕು ಸೆನ್ಸರ್, ಒಂದು ಕ್ಯಾಮೆರಾ ಇರುವ ಕಾರು. ಮಳೆಗಾಲದಲ್ಲಿ ಮಲೆನಾಡಿನ ಮಣ್ಣು ರಸ್ತೆಯಲ್ಲಿ ಓಡಾಡಿ ಬಂದಿದೆ, ಸೆನ್ಸರ್ ಸಂದೇಶ ಹೋಗುತ್ತಲೇ ಇಲ್ಲ. ಮೊದಲು ನೋಡಬೇಕಾದದ್ದು ರಿವರ್ಸ್ ಲೈಟು. ಅದು ಉರಿಯದೆ, ಸೆನ್ಸರೂ ಕ್ಯಾಮೆರಾವೂ ಒಟ್ಟಿಗೆ ಸುಮ್ಮನಾಗಿದ್ದರೆ ಸೆನ್ಸರಿನ ಮೇಲೆ ಅನುಮಾನ ಪಡಬೇಕಾಗಿಲ್ಲ. ಫ್ಯೂಸ್ ಹೋಗಿರಬಹುದು, ಇಲ್ಲವೇ ಗೇರ್‌ಬಾಕ್ಸಿನ ರಿವರ್ಸ್ ಸ್ವಿಚ್ ಕೆಟ್ಟಿರಬಹುದು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಕ್ಯಾಮೆರಾಗಳಿಗಂತೂ ಹೆಚ್ಚಾಗಿ ರಿವರ್ಸ್ ಲೈಟಿನ ವೈರಿನಿಂದಲೇ ಕರೆಂಟು ತೆಗೆದಿರುತ್ತಾರೆ. ನಮ್ಮ ಕಾರಿನಲ್ಲಿ ಲೈಟು ಉರಿಯುತ್ತಿದೆ, ಕ್ಯಾಮೆರಾ ಚಿತ್ರವೂ ಬರುತ್ತಿದೆ. ಅಂದರೆ ತೊಂದರೆ ಇರುವುದು ಸೆನ್ಸರ್‌ಗಳ ಕಡೆಯೇ.

ಬಕೆಟ್ ನೀರು, ಮೆತ್ತನೆ ಬಟ್ಟೆ ಹಿಡಿದು ನಾಲ್ಕೂ ಬಿಲ್ಲೆಗಳನ್ನು ಅಂಚಿನ ಸಂದಿಯವರೆಗೂ ತೊಳೆಯಿರಿ. ಒಣಗಿದ ಕೆಸರನ್ನು ಚಾಕುವಿನಿಂದ ಕೆರೆಯಬೇಡಿ, ಥಿನ್ನರ್ ಹಚ್ಚಬೇಡಿ. ಪ್ರೆಶರ್ ವಾಷರ್ ಇದ್ದರೆ ಅದರ ನಳಿಕೆಯನ್ನು ಕನಿಷ್ಠ ಒಂದಡಿ ದೂರದಲ್ಲಿ ಹಿಡಿಯಿರಿ. ಒರೆಸಿದ ಮೇಲೆ ಕಾರನ್ನು ಒಮ್ಮೆ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿ. ಮಳೆಗಾಲದ ತಕರಾರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ನಮ್ಮ ಕಾರಿನದು ಮುಗಿಯಲಿಲ್ಲ ಎಂದುಕೊಳ್ಳಿ. ಮುಂದಿನದು ಕೈಬೆರಳಿನ ಪರೀಕ್ಷೆ. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಎಂಜಿನ್ ಆಫ್ ಇಟ್ಟು ಇಗ್ನಿಷನ್ ಮಾತ್ರ ಆನ್ ಮಾಡಿ ರಿವರ್ಸ್ ಹಾಕಿ. ಆಟೊಮ್ಯಾಟಿಕ್ ಆದರೆ ಒಳಗೆ ಒಬ್ಬರು ಬ್ರೇಕ್ ತುಳಿದು ಕೂತಿರಬೇಕು. ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳಲ್ಲಿ ಈ ಪರೀಕ್ಷೆಯೇ ಬೇಡ. ಅವು ಸದ್ದಿಲ್ಲದೆ ಚಲಿಸಬಲ್ಲವು. ಈಗ ಬಂಪರಿನ ಪಕ್ಕದಲ್ಲಿ ಕೂತು ಒಂದೊಂದೇ ಸೆನ್ಸರಿನ ಮೇಲೆ ಬೆರಳ ತುದಿ ಇಡಿ. ಕೆಲಸ ಮಾಡುತ್ತಿರುವುದು ಸಣ್ಣಗೆ ಟಿಕ್ ಟಿಕ್ ಎನ್ನುತ್ತದೆ. ಸುತ್ತ ಗಲಾಟೆ ಇಲ್ಲದಿದ್ದರೆ ಕಿವಿ ಹತ್ತಿರ ತಂದರೂ ಕೇಳಿಸುತ್ತದೆ. ಮೂರು ಟಿಕ್ ಎಂದು, ಎಡ ಅಂಚಿನದು ಸುಮ್ಮನಿದ್ದರೆ ತಪ್ಪಿತಸ್ಥ ಸಿಕ್ಕಂತೆ. ಒಂದು ಸೆನ್ಸರ್ ಕೆಟ್ಟರೆ ಹಲವು ಕಾರುಗಳು ಹಿಂಬದಿಯ ಇಡೀ ವ್ಯವಸ್ಥೆಯನ್ನೇ ಬಂದ್ ಮಾಡುತ್ತವೆ. ನಾಲ್ಕೂ ಕೆಟ್ಟಿವೆಯೆಂಬ ಭ್ರಮೆ ಹುಟ್ಟುವುದು ಹೀಗೆ. ದೋಷ ಕಂಡೊಡನೆ ನಾಲ್ಕೂ ಸದ್ದಡಗಿಸುವ ಕಾರುಗಳೂ ಇವೆ. ಅಂಥಲ್ಲಿ ಈ ಪರೀಕ್ಷೆಯಿಂದ ಏನೂ ತಿಳಿಯದು, ಸ್ಕ್ಯಾನರ್ ಬೇಕೇ ಬೇಕು. ಮೊಬೈಲಿಗೆ ಜೋಡಿಸುವ ಅಗ್ಗದ ಓಬಿಡಿ ಸಾಧನ ಸಾಲದು. ಅವುಗಳಲ್ಲಿ ಹೆಚ್ಚಿನವು ಎಂಜಿನ್ ದೋಷಗಳನ್ನಷ್ಟೇ ಓದುತ್ತವೆ.

ಸುಮ್ಮನಿರುವ ಸೆನ್ಸರೇ ಕೆಟ್ಟಿದೆಯೋ, ಅದಕ್ಕೆ ಹೋಗುವ ವೈರೋ? ಇದನ್ನು ತಿಳಿಯಲು ಬಂಪರ್ ಬಿಚ್ಚಬೇಕು, ಅದು ಗ್ಯಾರೇಜಿನ ಕೆಲಸ. ಆದರೆ ಏನು ಮಾಡಿಸಬೇಕೆಂದು ನೀವು ಹೇಳಬಹುದು. ಎಡ ಅಂಚಿನ ಸೆನ್ಸರನ್ನು ಪಕ್ಕದ ಅದೇ ಜಾತಿಯ ಸೆನ್ಸರಿನೊಂದಿಗೆ ಅದಲು ಬದಲು ಮಾಡಲು ಹೇಳಿ. ದೋಷ ಸೆನ್ಸರಿನ ಜೊತೆ ಪಕ್ಕಕ್ಕೆ ಹೋದರೆ ಸೆನ್ಸರ್ ಬದಲಿಸಿ, ಒಂದೇ ಒಂದು. ದೋಷ ಎಡ ಅಂಚಿನಲ್ಲೇ ಉಳಿದರೆ ಹೊಸ ಸೆನ್ಸರ್ ಹಾಕಿದರೂ ಪ್ರಯೋಜನವಿಲ್ಲ. ಕನೆಕ್ಟರಿಗೆ ನೀರು ಹೋಗಿ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ, ಇಲ್ಲವೇ ಇಲಿ ವೈರು ಕಡಿದಿರುತ್ತದೆ. ರಾತ್ರಿ ಬಯಲಲ್ಲಿ ನಿಲ್ಲುವ ಕಾರುಗಳಿಗೆ ಇಲಿ ಕಾಟ ಹೊಸದೇನಲ್ಲ.

ಸಂದೇಶವಿಲ್ಲದೆ, ಹಿಂದೆ ಏನೂ ಇಲ್ಲದಿದ್ದರೂ ಬೀಪ್ ಬರುತ್ತಲೇ ಇದ್ದರೆ ಅದರ ದಾರಿ ಬೇರೆ. ಹೊರಚಾಚಿದ ನಂಬರ್ ಪ್ಲೇಟ್ ಫ್ರೇಮ್, ಹೊಸದಾಗಿ ಹಾಕಿಸಿದ ಹಿಂದಿನ ಗಾರ್ಡ್, ಸಡಿಲಾಗಿ ನೆಲದತ್ತ ವಾಲಿದ ಸೆನ್ಸರ್, ಇವುಗಳನ್ನು ನೋಡಿ. ಪಕ್ಕದಲ್ಲಿ ಬಸ್ಸೋ ಲಾರಿಯೋ ಏರ್ ಬ್ರೇಕಿನ ಗಾಳಿ ಬಿಟ್ಟಾಗ ಮಾತ್ರ ಬೀಪ್ ಬಂದರೆ ಸೆನ್ಸರಿನ ದೋಷವಲ್ಲ. ಆ ಗಾಳಿಯಲ್ಲೂ ಕಿವಿಗೆ ಕೇಳದ ಶಬ್ದ ಇರುತ್ತದೆ.

ಇನ್ನು ಕ್ಯಾಮೆರಾ. ಚಿತ್ರ ಮಬ್ಬಾಗಿದ್ದರೆ ಲೆನ್ಸ್ ಒರೆಸಿ. ಒರೆಸಿದರೂ ಹೋಗದ ಮಂಜು ಲೆನ್ಸಿನ ಒಳಗೆ ಸೇರಿದ ತೇವ. ಸೀಲ್ ಹೋಗಿದೆ, ಬದಲಿಸುವುದೇ ಸರಿ. ಪರದೆ ಕಪ್ಪಾಗಿ ಅಥವಾ ನೀಲಿಯಾಗಿ No Signal ಎಂದು ಬರುತ್ತಿದ್ದರೆ, ಅದರಲ್ಲೂ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ, ಕ್ಯಾಮೆರಾ ಕೊಳ್ಳುವ ಮುನ್ನ ಡಿಕ್ಕಿ ಬಾಗಿಲು ಎತ್ತಿ ಅದರ ಕೀಲಿನ ಬಳಿ ನೋಡಿ. ಅಲ್ಲಿ ಸೊಂಡಿಲಿನಂಥ ಕಪ್ಪು ರಬ್ಬರ್ ಕೊಳವೆಯೊಂದರೊಳಗೆ ವೈರುಗಳು ಹೋಗುತ್ತವೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅವು ಅದೇ ಜಾಗದಲ್ಲಿ ಮಡಚಿ ಮಡಚಿ, ಕೆಲವು ವರ್ಷಗಳಲ್ಲಿ ಒಳಗಿನ ತಾಮ್ರ ತುಂಡಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತದೆ. ಈ ಹಿಂದಿನ ಹಾಗೆಯೇ ಎಂಜಿನ್ ಆಫ್ ಇಟ್ಟು ರಿವರ್ಸ್ ಹಾಕಿ, ಒಬ್ಬರು ಪರದೆ ನೋಡುತ್ತಿರಲಿ, ನೀವು ಆ ಕೊಳವೆಯನ್ನು ಮೆಲ್ಲಗೆ ಅಲುಗಾಡಿಸಿ. ಚಿತ್ರ ಮಿನುಗಿದರೆ ಕ್ಯಾಮೆರಾ ಚೆನ್ನಾಗಿದೆ, ಜೋಡಿಸಬೇಕಾದದ್ದು ವೈರು.

ಗ್ಯಾರೇಜಿಗೆ ಹೊರಡುವಾಗ ಸಂದೇಶದ ಫೋಟೊ ಮೊಬೈಲಿನಲ್ಲಿರಲಿ. ಮಳೆಯಲ್ಲಿ ಮಾತ್ರ ಬರುತ್ತದೆಯೇ, ಡಿಕ್ಕಿ ಮುಚ್ಚಿದ ಮೇಲೆ ಬರುತ್ತದೆಯೇ, ಬಂಪರಿಗೆ ಪೇಂಟ್ ಮಾಡಿಸಿದ ಮೇಲೆ ಶುರುವಾಯಿತೇ, ಇದನ್ನೂ ಹೇಳಿ. ಕೆಲಸ ಮುಗಿದ ಮೇಲೆ ಬಿಲ್ ಕೊಡುವ ಮುನ್ನ ಅಲ್ಲೇ ಒಂದು ರಟ್ಟಿನ ಪೆಟ್ಟಿಗೆ ತರಿಸಿ, ನಿಂತ ಕಾರಿನ ಪ್ರತಿ ಸೆನ್ಸರಿನ ಎದುರಿಗೂ ಒಂದು ಮೀಟರಿನಿಂದ ಹತ್ತಿರಕ್ಕೆ ತನ್ನಿ. ನಾಲ್ಕು ಜಾಗದಲ್ಲೂ ಬೀಪ್ ಬರಬರುತ್ತ ಚುರುಕಾಗಬೇಕು.